ಭಾನುವಾರ ಬೆಳಗ್ಗೆ ಭಟ್ಟರಿಗೂ ಸಪ್ಲೈಯರ್‌ಗಳಿಗೂ ಜಗಳ: ಸೂಪರ್‌ವೈಸರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಿಂದ ಸಾಗರದ ಕಡೆ ಹೋಗುವ ರಸ್ತೆಯಲ್ಲಿ ತಿಂಡಿ ಹೋಟೆಲ್ ನೋಡಿಕೊಳ್ಳುವವರಿಗೆ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಭಾನುವಾರಗಳು ಹೇಗಿರುತ್ತವೆ ಅಂತ ಬಿಡಿಸಿ ಹೇಳಬೇಕಿಲ್ಲ. ಜೋಗ ತುಂಬಿದೆ ಅಂತ ಸುದ್ದಿ ಬಂದರೆ ಸಾಕು, ಬೆಳಗ್ಗೆ ಎಂಟಕ್ಕೆ ಬಾಗಿಲಲ್ಲಿ ಟೆಂಪೋ ಟ್ರಾವೆಲರ್‌ಗಳು ಸಾಲು ನಿಲ್ಲುತ್ತವೆ. ಎಂಟೂವರೆಗೆ ಒಳಗೆ ಕೂಗಾಟ ಶುರು. ಟೇಬಲ್‌ಗೆ ಸಪ್ಲೈ ಇರುವ, ಒಂದೇ ದೋಸೆ ಕಾವಲಿ ಇರುವ ಮಧ್ಯಮ ಗಾತ್ರದ ಹೋಟೆಲನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ. ನಿಂತು ತಿನ್ನುವ ದರ್ಶಿನಿಗಳ ಕಷ್ಟ ಬೇರೆ ಥರದ್ದು.

ನಮ್ಮ ಭಟ್ಟರು ಒಳ್ಳೆಯವರೇ, ಹುಡುಗರೂ ಒಳ್ಳೆಯವರೇ. ಆದರೂ ಭಾನುವಾರ ಮಾತ್ರ ಯಾಕೆ ಕಚ್ಚಾಡುತ್ತಾರೆ?

ಯಾಕೆಂದರೆ ಭಾನುವಾರ ಮಾತ್ರ ಆರ್ಡರ್ ಕಾವಲಿಯನ್ನು ಮೀರಿ ಬರುತ್ತದೆ. ಮಂಗಳವಾರ ಇದೇ ಇಬ್ಬರು ಒಟ್ಟಿಗೆ ಕೂತು ಕಾಫಿ ಕುಡಿಯುತ್ತಾರೆ, ಅಲ್ವಾ? ಹಾಗಾಗಿ ಮೊದಲು ಜನರ ಗುಣ ನೋಡಬೇಡಿ, ಕಾವಲಿ ನೋಡಿ.

ಇಡ್ಲಿ ಹಬೆಯಲ್ಲಿ ಬೆಂದು ರೆಡಿ ಇರುತ್ತದೆ, ವಡೆ ಕರಿದು ಇಟ್ಟಿರಬಹುದು, ಉಪ್ಪಿಟ್ಟು ಪಾತ್ರೆಯಲ್ಲಿದೆ. ಇವುಗಳಿಗಾಗಿ ಯಾರೂ ಜಗಳ ಆಡುವುದಿಲ್ಲ. ಕೇಳಿದ ಮೇಲೇ ಹುಯ್ಯಬೇಕಾದದ್ದು ದೋಸೆ ಒಂದೇ. ಜಗಳ ಎಲ್ಲಿ ಆಗುತ್ತದೆ ಅಂತ ಒಂದು ವಾರ ಸುಮ್ನೆ ಗಮನಿಸಿ. ಹತ್ತರಲ್ಲಿ ಎಂಟು ಸಲ ಕಾವಲಿ ಮುಂದಿನ ಕಿಟಕಿಯಲ್ಲೇ ಆಗಿರುತ್ತದೆ. ಉಳಿದದ್ದು ಕಾಫಿ ಕೌಂಟರ್‌ನಲ್ಲಿ.

ನಮ್ಮ ಕಾವಲಿ ಗಂಟೆಗೆ ಎಷ್ಟು ದೋಸೆ ಕೊಡುತ್ತದೆ ಅಂತ ತಿಳಿಯುವುದು ಹೇಗೆ?

ಭಟ್ಟರನ್ನು ಕೇಳಿದರೆ "ಎಷ್ಟು ಬೇಕಾದ್ರೂ ಕೊಡ್ತೀನಿ" ಅನ್ನುತ್ತಾರೆ. ಕೇಳಬೇಡಿ, ಅಳೆಯಿರಿ. ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸಿದ ಕ್ಷಣದಿಂದ, ಹಿಟ್ಟು ಹುಯ್ದು, ಎಣ್ಣೆ ಬಿಟ್ಟು, ಕೆಂಪು ಚಟ್ನಿ ಸವರಿ, ಪಲ್ಯ ಇಟ್ಟು, ಮಡಚಿ, ಮತ್ತೆ ನೀರು ಚಿಮುಕಿಸುವ ತನಕ ಒಂದು ಸುತ್ತು. ಫೋನಿನ ಗಡಿಯಾರ ಹಿಡಿದು ನಾಲ್ಕೈದು ಸುತ್ತು ನೋಡಿ.

ಒಂದು ಸಲಕ್ಕೆ ಎಂಟು ಮಸಾಲೆ ದೋಸೆ ಹಿಡಿಯುವ ಕಾವಲಿ ಅಂದುಕೊಳ್ಳೋಣ. ಸುತ್ತಿಗೆ 5 ನಿಮಿಷ ಆದರೆ ಗಂಟೆಗೆ 12 ಸುತ್ತು, 96 ದೋಸೆ. ಇದು ಕಾಗದದ ಲೆಕ್ಕ. ಹಿಟ್ಟಿನ ಪಾತ್ರೆ ಬದಲಿಸುವುದು, ಕಾವಲಿ ಜಾಸ್ತಿ ಕಾದಾಗ ಆರಲು ಬಿಡುವುದು, ಪಲ್ಯ ತರಲು ಒಳಗೆ ಹೋಗುವುದು, ಇದೆಲ್ಲ ಸೇರಿದರೆ 80 ಬಂದರೆ ದೊಡ್ಡದು.

ಇನ್ನೊಂದು ವಿಷಯ ಇದೆ. ಸಪ್ಲೈಯರ್ ಕಣ್ಣಿಗೆ ಎಲ್ಲ ದೋಸೆಯೂ ಒಂದೇ. ಕಾವಲಿಗೆ ಹಾಗಲ್ಲ. ಸೆಟ್ ದೋಸೆ ಒಂದು ಪ್ಲೇಟಿಗೆ ಮೂರು, ಎರಡು ಮಸಾಲೆಯ ಜಾಗ ತಿನ್ನುತ್ತದೆ. ಮಸಾಲೆಗೆ ಬೇಕಾದಷ್ಟು ಬಿಸಿ ಅದಕ್ಕೆ ಬೇಡ, ಅಂಚಿನಲ್ಲಿ ಹುಯ್ಯಬೇಕು. ರವೆ ದೋಸೆ ಹಿಟ್ಟು ನೀರಾಗಿರುತ್ತದೆ, ಗರಿಯಾಗಲು ಹೆಚ್ಚು ಹೊತ್ತು ಬೇಕು. ಒಂದು ರವೆ ದೋಸೆ ಹಾಕಿದರೆ ಅದರ ಪಕ್ಕದ ಏಳು ಮಸಾಲೆ ಎದ್ದ ಮೇಲೂ ಅದು ಅಲ್ಲೇ ಕೂತಿರುತ್ತದೆ. "ಒಂದೇ ಒಂದು ರವೆ ದೋಸೆ ತಾನೇ ಭಟ್ರೇ" ಅಂತ ಹುಡುಗ ಅಂದಾಗ ಭಟ್ಟರಿಗೆ ರೇಗುವುದು ಇದಕ್ಕೇ. ಹೊಸ ಸಪ್ಲೈಯರ್ ಸೇರಿದ ಮೊದಲ ವಾರ ಅವನನ್ನು ಅರ್ಧ ಗಂಟೆ ಕಾವಲಿ ಪಕ್ಕ ನಿಲ್ಲಿಸಿ. ಸಾವಿರ ಮಾತು ಉಳಿಯುತ್ತದೆ.

ಎಲ್ಲ ಸಪ್ಲೈಯರ್‌ಗಳೂ ಕಿಟಕಿಯಲ್ಲಿ ನಿಂತು "ನಂದು ಮೊದಲು" ಅನ್ನುತ್ತಾರೆ. ಏನು ಮಾಡಲಿ?

ರಶ್ ಹೊತ್ತಿನಲ್ಲಿ ಭಟ್ಟರ ಹತ್ತಿರ ಒಬ್ಬನೇ ಮಾತಾಡಬೇಕು. ಆ ಒಬ್ಬ ನೀವು. ಎಂಟರಿಂದ ಹತ್ತೂವರೆ ತನಕ ಸೂಪರ್‌ವೈಸರ್ ಜಾಗ ಕ್ಯಾಷ್ ಪಕ್ಕ ಅಲ್ಲ, ಬಾಗಿಲಲ್ಲೂ ಅಲ್ಲ, ಕಿಟಕಿಯ ಹೊರಗಡೆ.

ಹುಡುಗರು ಚೀಟಿ ತಂದು ನಿಮ್ಮ ಕೈಗೆ ಕೊಡುತ್ತಾರೆ. ಚೀಟಿಯಲ್ಲಿ ಟೇಬಲ್ ನಂಬರ್, ಐಟಂ, ಬರೆದ ಸಮಯ ಇರಬೇಕು. ಸಮಯ ಬರೆಯದ ಚೀಟಿ ತೆಗೆದುಕೊಳ್ಳಬೇಡಿ. "ನಾನು ಆಗ್ಲೇ ಕೊಟ್ಟಿದ್ದೆ" ಅನ್ನುವ ವಾದ ಅಲ್ಲೇ ಮುಗಿಯುತ್ತದೆ. ಕಿಟಕಿ ಮೇಲೆ ಎರಡು ಕ್ಲಿಪ್ ಸಾಲು ಮಾಡಿ: ಎಡಕ್ಕೆ ಕಾಯುತ್ತಿರುವ ಚೀಟಿ, ಬಲಕ್ಕೆ ಕಾವಲಿ ಮೇಲಿರುವ ಚೀಟಿ. ಯಾವ ಚೀಟಿ ಯಾವಾಗ ಬಲಕ್ಕೆ ಹೋಗುತ್ತದೆ ಅಂತ ತೀರ್ಮಾನಿಸುವುದು ನೀವು.

ಸುತ್ತು ಶುರುವಾಗುವ ಮೊದಲು ಒಂದೇ ಸಲ ಕೂಗಿ: "ಭಟ್ರೇ, ಎಂಟು ಮಸಾಲೆ." ಅವರು ವಾಪಸ್ ಹೇಳಬೇಕು: "ಎಂಟು ಮಸಾಲೆ." ಈ ವಾಪಸ್ ಹೇಳುವುದು ಇಲ್ಲದಿದ್ದರೆ ಮಿಕ್ಸಿ ಸದ್ದಿನಲ್ಲಿ ಎಂಟು ಏಳಾಗುತ್ತದೆ. ಆ ಒಂದು ದೋಸೆಗೆ ಐದು ನಿಮಿಷ ಕಳೆದ ಮೇಲೆ ಜಗಳ ಏಳುತ್ತದೆ. ಕೆಲವು ಭಟ್ಟರಿಗೆ ವಾಪಸ್ ಹೇಳುವುದು ಅವಮಾನ ಅನ್ನಿಸುತ್ತದೆ. ಹಿರಿಯರಾದರೆ ಹುಡುಗರ ಮುಂದೆ ಹೇಳಬೇಡಿ. ಹಿಂದಿನ ದಿನ ಸಂಜೆ ಒಬ್ಬರೇ ಇದ್ದಾಗ, "ನಂಗೆ ಕಿವಿಗೆ ಬೀಳಲ್ಲ ಭಟ್ರೇ, ಒಂದ್ಸಲ ತಿರುಗಿ ಹೇಳಿಬಿಡಿ" ಅನ್ನಿ.

ಯಾವ ಚೀಟಿ ಮೊದಲು ಅಂತ ತೀರ್ಮಾನಿಸುವುದು ಹೇಗೆ? ಒಂದು ಉದಾಹರಣೆ ಕೊಡಿ.

ಬಂದ ಸಾಲಿನಲ್ಲೇ ಕೊಡುವುದು ಮೂಲ ನಿಯಮ. ಅದನ್ನು ಮೀರಲು ಒಂದೇ ಕಾರಣ ಸಾಕು: ಸುತ್ತು ಪೂರ್ತಿ ತುಂಬಬೇಕು, ಟೇಬಲ್ ಒಡೆಯಬಾರದು. ಅಂದರೆ ಒಂದು ಟೇಬಲ್‌ನವರಿಗೆ ಎಲ್ಲ ದೋಸೆಯೂ ಒಂದೇ ಸುತ್ತಿನಲ್ಲಿ ಬರಬೇಕು. ಇಬ್ಬರು ತಿನ್ನುತ್ತಾ ಇಬ್ಬರು ಮುಖ ನೋಡುತ್ತಾ ಕೂತರೆ ಆ ಟೇಬಲ್‌ನಿಂದ ಹುಡುಗನನ್ನು ನಾಲ್ಕು ಸಲ ಕರೆಯುತ್ತಾರೆ. ಅವನು ನಾಲ್ಕು ಸಲ ಕಿಟಕಿಗೆ ಬರುತ್ತಾನೆ.

ಜುಲೈ ಭಾನುವಾರ, ಎಂಟೂವರೆ ಅಂದುಕೊಳ್ಳಿ. ಎಡ ಸಾಲಿನಲ್ಲಿ ಹೀಗೆ ಚೀಟಿ ಇವೆ. 4ನೇ ಟೇಬಲ್‌ಗೆ ಎರಡು ಮಸಾಲೆ. 7ನೇ ಟೇಬಲ್‌ಗೆ ನಾಲ್ಕು ಮಸಾಲೆ. 9ನೇ ಟೇಬಲ್‌ಗೆ ಎರಡು ಮಸಾಲೆ, ಒಂದು ಸೆಟ್. ಒಂದು ಪಾರ್ಸಲ್, ನಾಲ್ಕು ಮಸಾಲೆ. 2ನೇ ಟೇಬಲ್‌ಗೆ ಎರಡು ಮಸಾಲೆ. ಅಷ್ಟರಲ್ಲಿ ಜೋಗಕ್ಕೆ ಹೊರಟ ಒಂದು ಟಿಟಿ ಬಂತು. ಹದಿನಾಲ್ಕು ಜನ: ಎಂಟು ಮಸಾಲೆ, ಎರಡು ರವೆ ದೋಸೆ, ನಾಲ್ಕು ಇಡ್ಲಿ-ವಡೆ. ಅವರ ಡ್ರೈವರ್ ಆಗಲೇ "ಬೇಗ ಆಗ್ಲಿ ಮಾರಾಯ್ರೆ" ಅಂತ ಬಾಗಿಲಲ್ಲಿ ನಿಂತಿದ್ದಾನೆ.

ಬಿಟ್ಟರೆ ಏನಾಗುತ್ತದೆ ನೋಡಿ. ಟಿಟಿ ನೋಡಿಕೊಳ್ಳುವ ಹುಡುಗ ಜೋರು ಇರುತ್ತಾನೆ. ಅವನ ಬಾಯಿಗೆ ಹೆದರಿ ಭಟ್ಟರು ಮೊದಲ ಸುತ್ತಿನಲ್ಲಿ ಟಿಟಿಗೆ ನಾಲ್ಕು, 4ನೇ ಟೇಬಲ್‌ಗೆ ಒಂದು, 7ಕ್ಕೆ ಮೂರು ಹಾಕುತ್ತಾರೆ. ಈಗ ಮೂರೂ ಕಡೆ ಅರ್ಧರ್ಧ. ಯಾರಿಗೂ ತೃಪ್ತಿ ಇಲ್ಲ, ಮೂರು ಹುಡುಗರೂ ಕಿಟಕಿಯಲ್ಲಿ.

ನೀವು ಕಿಟಕಿಯಲ್ಲಿದ್ದರೆ ಹೀಗೆ. ಮೊದಲ ಸುತ್ತು: 4, 7 ಮತ್ತು 2ನೇ ಟೇಬಲ್, ಒಟ್ಟು ಎಂಟು ಮಸಾಲೆ. 2ನೇ ಟೇಬಲ್ ಸರದಿ ಮೀರಿ ಮುಂದೆ ಬಂತು, ಯಾಕೆಂದರೆ ಉಳಿದದ್ದು ಎರಡೇ ಜಾಗ. 9ನೇ ಟೇಬಲ್‌ಗೆ ನಾಲ್ಕು ಜಾಗ ಬೇಕು, ಹಿಡಿಸುವುದಿಲ್ಲ. ಎರಡನೇ ಸುತ್ತು: 9ನೇ ಟೇಬಲ್‌ನ ಎರಡು ಮಸಾಲೆ, ಅಂಚಿಗೆ ಅವರ ಸೆಟ್, ಪಾರ್ಸಲ್‌ನ ನಾಲ್ಕು. ಮೂರನೇ ಸುತ್ತು ಪೂರ್ತಿ ಟಿಟಿಯದ್ದು, ಎಂಟು ಮಸಾಲೆ. ಎಂಟೂ ಮುಕ್ಕಾಲಿಗೆ ಅವರ ಟೇಬಲ್ ಮೇಲೆ ಇರುತ್ತದೆ.

ಇಡ್ಲಿ-ವಡೆಗೆ ಮಾತ್ರ ಟೇಬಲ್ ಒಡೆಯಬಾರದು ಅನ್ನುವ ನಿಯಮ ಬಿಟ್ಟುಬಿಡಿ. ಟಿಟಿಯವರ ನಾಲ್ಕು ಪ್ಲೇಟ್ ಚೀಟಿ ಬಂದ ಎರಡು ಮೂರು ನಿಮಿಷದಲ್ಲೇ ಹೋಗಬೇಕು. ಸಾಧಾರಣವಾಗಿ ಅದು ಮಕ್ಕಳಿಗೆ, ವಯಸ್ಸಾದವರಿಗೆ ಹೇಳಿದ್ದಿರುತ್ತದೆ. ಅವರ ಬಾಯಿಗೆ ತಿಂಡಿ ಬಿದ್ದರೆ ಅರ್ಧ ಗುಂಪು ಶಾಂತ. ಡ್ರೈವರ್‌ಗೆ ಒಂದು ಕಾಫಿ ಕೊಟ್ಟುಬಿಡಿ.

ರವೆ ದೋಸೆ? ಹುಡುಗನನ್ನು ವಾಪಸ್ ಕಳಿಸಿ "ಇನ್ನೂ ಇಪ್ಪತ್ತೈದು ನಿಮಿಷ ಆಗುತ್ತೆ, ಆಗಬಹುದಾ?" ಅಂತ ಕೇಳಿಸಿ. ಹೆಚ್ಚಿನವರು ಬೇರೆ ಹೇಳುತ್ತಾರೆ. ಬೇಕೇ ಬೇಕು ಅಂದವರದ್ದು ನಾಲ್ಕನೇ ಸುತ್ತಿಗೆ. ಆಗ ಬೇರೆ ಟೇಬಲ್‌ನ ರವೆ ದೋಸೆ ಇದ್ದರೆ ಅದನ್ನೂ ಸೇರಿಸಿ. ಎಂಟರಿಂದ ಹತ್ತರವರೆಗೆ ಭಾನುವಾರ ರವೆ ದೋಸೆಯೇ ಇಲ್ಲ ಅಂತ ಬೋರ್ಡ್ ಹಾಕಿದರೂ ತಪ್ಪಿಲ್ಲ. ನನಗೆ ಕೇಳಿದರೆ ಹಾಕಿ ಅನ್ನುತ್ತೇನೆ.

ಟೂರಿಸ್ಟ್‌ಗಳು "ಮಲೆನಾಡು ಸ್ಪೆಷಲ್" ಅಂತ ಅಕ್ಕಿ ರೊಟ್ಟಿ ಕೇಳುತ್ತಾರೆ. ಅದರಿಂದಲೇ ಜಗಳ ಜಾಸ್ತಿ. ಇಡಬೇಕಾ, ತೆಗೆಯಬೇಕಾ?

ತೆಗೆಯಬೇಡಿ, ಅವರು ಅದಕ್ಕೇ ಬಂದಿರುತ್ತಾರೆ. ಆದರೆ ಅಕ್ಕಿ ರೊಟ್ಟಿ ದೋಸೆ ಥರ ಎಂಟೆಂಟು ಬರುವುದಿಲ್ಲ. ಒಂದು ತವಾಗೆ ಒಂದೇ, ತಟ್ಟಿ ಬೇಯಿಸಿ ತೆಗೆಯಲು ಐದಾರು ನಿಮಿಷ. ಎರಡು ತವಾ ಇದ್ದರೆ ಗಂಟೆಗೆ ಇಪ್ಪತ್ತು. ಇಷ್ಟೇ ಅಂತ ಮೊದಲೇ ಲೆಕ್ಕ ಇಟ್ಟುಕೊಳ್ಳಿ.

ನನಗೆ ಕೆಲಸ ಮಾಡಿದ ದಾರಿ ಟೋಕನ್. ಬೆಳಗ್ಗೆ ಸಪ್ಲೈಯರ್‌ಗಳಿಗೆ ಗಂಟೆಗೆ ಇಷ್ಟು ಅಂತ ರೊಟ್ಟಿ ಟೋಕನ್ ಹಂಚುತ್ತೇವೆ. ಟೋಕನ್ ಮುಗಿದ ಹುಡುಗ ರೊಟ್ಟಿ ಆರ್ಡರ್ ತೆಗೆದುಕೊಳ್ಳುವ ಹಾಗಿಲ್ಲ. ಮುಂದಿನ ಗಂಟೆ ಅನ್ನುತ್ತಾನೆ. ರೊಟ್ಟಿ ಮಾಡುವ ಅಕ್ಕನ ಮೇಲೆ ಕೂಗುವುದು ಅಲ್ಲಿಗೆ ನಿಂತಿತು. ಹುಡುಗರು ಟೋಕನ್ ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುತ್ತಾರೆ, ಅದಕ್ಕೆ ಅಡ್ಡ ಬರಬೇಡಿ.

ಸಪ್ಲೈಯರ್ ಗಿರಾಕಿಗೆ "ಐದೇ ನಿಮಿಷ" ಅಂದುಬಿಡುತ್ತಾನೆ. ಬೈಸಿಕೊಳ್ಳುವುದು ಭಟ್ಟರು. ಇದನ್ನು ನಿಲ್ಲಿಸುವುದು ಹೇಗೆ?

ಅವನಿಗೆ ನಿಜವಾದ ಸಮಯ ಗೊತ್ತಿಲ್ಲ, ಅದಕ್ಕೆ ಬಾಯಿಗೆ ಬಂದದ್ದು ಹೇಳುತ್ತಾನೆ. ಗೊತ್ತು ಮಾಡಿಸಿ. ಕಿಟಕಿ ಪಕ್ಕ ಒಂದು ಸಣ್ಣ ಸ್ಲೇಟ್ ತೂಗುಹಾಕಿ, ಅದರ ಮೇಲೆ ಒಂದೇ ಸಂಖ್ಯೆ. ಎಡ ಸಾಲಿನಲ್ಲಿ ಇನ್ನೂ ಎಷ್ಟು ಸುತ್ತು ಬಾಕಿ ಇದೆಯೋ ಅದಕ್ಕೆ ಒಂದು ಕೂಡಿ, ಐದರಿಂದ ಗುಣಿಸಿ. ಮೇಲಿನ ಉದಾಹರಣೆಯಲ್ಲಿ ಟಿಟಿಯದ್ದೂ ಸೇರಿ ಮೂರು ಸುತ್ತು, ಸ್ಲೇಟ್ ಮೇಲೆ 20. ಹದಿನೈದಕ್ಕೆ ಕೊಟ್ಟರೆ ಗಿರಾಕಿ ಖುಷಿ, ಇಪ್ಪತ್ತಕ್ಕೆ ಕೊಟ್ಟರೂ ಮಾತು ಉಳಿಯಿತು.

ಸ್ಲೇಟ್ ಮೇಲೆ 30 ಬಂದ ತಕ್ಷಣ ಸಪ್ಲೈಯರ್ ಕೆಲಸ ಬದಲಾಗುತ್ತದೆ. ಅವನು ಆರ್ಡರ್ ಬರೆಯುವ ಮೊದಲೇ "ಇಡ್ಲಿ, ವಡೆ, ಉಪ್ಪಿಟ್ಟು ಈಗಲೇ ಸಿಗುತ್ತೆ ಸಾರ್, ದೋಸೆ ಅರ್ಧ ಗಂಟೆ" ಅನ್ನಬೇಕು. ಈ ಒಂದು ವಾಕ್ಯ ಬಾಯಿಪಾಠ ಮಾಡಿಸಿ. ಒಡಿಶಾ, ಅಸ್ಸಾಂ, ನೇಪಾಳದ ಹುಡುಗರಿದ್ದರೆ ಅವರಿಗೂ ಇದನ್ನು ಕನ್ನಡದಲ್ಲೇ ಕಲಿಸಿ. ಐಟಂ ಹೆಸರು, ಹತ್ತರವರೆಗಿನ ಸಂಖ್ಯೆ, ಈ ವಾಕ್ಯ, ಇಷ್ಟು ಬಂದರೆ ಕಿಟಕಿಯಲ್ಲಿ ತೊಡಕಿಲ್ಲ.

ದೋಸೆ ರೆಡಿ ಆಗಿ ಕಿಟಕಿಯಲ್ಲೇ ಮೆತ್ತಗಾಯಿತು. ತಪ್ಪು ಯಾರದ್ದು?

ಎತ್ತುವವರದ್ದು, ಅಂದರೆ ಹೊರಗಿನವರದ್ದು. ಮಸಾಲೆ ದೋಸೆ ಮಡಚಿದ ಮೇಲೆ ಎರಡು ಮೂರು ನಿಮಿಷ ಕೂತರೆ ಒಳಗಿನ ಪಲ್ಯದ ಹಬೆಗೆ ಬೆನ್ನು ಮೆತ್ತಗಾಗುತ್ತದೆ. ಅದನ್ನು ಭಟ್ಟರ ಕೈಯಲ್ಲಿ ಮತ್ತೆ ಹಾಕಿಸಿದರೆ ಆ ದಿನ ಪೂರ್ತಿ ಅವರ ಮುಖ ಕೆಟ್ಟಿರುತ್ತದೆ, ನ್ಯಾಯವೂ ಅವರ ಕಡೆಯೇ.

ಇದು ಆಗುವುದು ಸೋಮಾರಿತನದಿಂದ ಅಲ್ಲ. "ನನ್ನ ಟೇಬಲ್, ನಿನ್ನ ಟೇಬಲ್" ಅನ್ನುವುದರಿಂದ. 7ನೇ ಟೇಬಲ್‌ನ ಹುಡುಗ ಬಿಲ್ ಕೊಡಲು ಹೋಗಿದ್ದಾನೆ, ಅವನ ನಾಲ್ಕು ದೋಸೆ ಕಿಟಕಿಯಲ್ಲಿ. ಪಕ್ಕದವನು ಕೈ ಕಟ್ಟಿ ನಿಂತಿದ್ದಾನೆ. ರಶ್ ಹೊತ್ತಿನಲ್ಲಿ ಪ್ಲೇಟ್ ಯಾರದ್ದೂ ಅಲ್ಲ, ಹತ್ತಿರ ಇರುವವನು ಎತ್ತಬೇಕು. ಚೀಟಿ ಪ್ಲೇಟ್ ಕೆಳಗೆ ಇಟ್ಟುಕೊಡಿ, ಟೇಬಲ್ ನಂಬರ್ ಹುಡುಕಬೇಕಿಲ್ಲ.

ಆದರೆ ಪಕ್ಕದವನು ಎತ್ತಿದರೆ ಟಿಪ್ಸ್ ಯಾರಿಗೆ? ಅದಕ್ಕೇ ಎತ್ತುವುದಿಲ್ಲ.

ಹೌದು, ಅದಕ್ಕೇ. ಶನಿವಾರ, ಭಾನುವಾರದ ಟಿಪ್ಸ್ ಒಂದೇ ಡಬ್ಬಿಗೆ ಹಾಕಿಸಿ. ಅವತ್ತೇ ಮಧ್ಯಾಹ್ನ ಎಲ್ಲರೆದುರು ಎಣಿಸಿ ಹಂಚಿ. ಕಾವಲಿಯವರಿಗೂ ರೊಟ್ಟಿ ಅಕ್ಕನಿಗೂ ಕ್ಲೀನರ್‌ಗೂ ಪಾಲು ಇರಲಿ. ಹಳೆಯ ಸಪ್ಲೈಯರ್‌ಗಳು ಮೊದಲು ಮುನಿಸಿಕೊಳ್ಳುತ್ತಾರೆ. ವಾರದ ದಿನಗಳ ಟಿಪ್ಸ್ ಅವರವರಿಗೇ ಬಿಟ್ಟರೆ ಒಪ್ಪುತ್ತಾರೆ. ಡಬ್ಬಿಯ ಬೀಗದ ಕೈ ನಿಮ್ಮ ಹತ್ತಿರ ಬೇಡ, ಮಾಲೀಕರ ಹತ್ತಿರವೂ ಬೇಡ. ಹುಡುಗರಲ್ಲೇ ಒಬ್ಬನ ಹತ್ತಿರ ಇರಲಿ.

ಪಾರ್ಸಲ್ ಮತ್ತು ಆನ್‌ಲೈನ್ ಆರ್ಡರ್ ನಡುವೆ ನುಗ್ಗುತ್ತವೆ.

ನುಗ್ಗಲು ಬಿಡಬೇಡಿ. ಅವೂ ಚೀಟಿಯಾಗಿ ಎಡ ಸಾಲಿಗೇ ಬರಲಿ. ಕ್ಯಾಷಿಯರ್ ನೇರವಾಗಿ ಒಳಗೆ ಕೂಗುವ ಅಭ್ಯಾಸ ಇದ್ದರೆ ಮೊದಲು ಅದನ್ನು ತಪ್ಪಿಸಿ. ಸ್ಲೇಟ್ 30 ಮುಟ್ಟಿದಾಗ ಆನ್‌ಲೈನ್‌ನಲ್ಲಿ ದೋಸೆ ಐಟಂಗಳನ್ನು ಸ್ವಲ್ಪ ಹೊತ್ತು ಆಫ್ ಮಾಡಿ.

ಚಟ್ನಿ ಮುಗಿದದ್ದು, ಪಲ್ಯ ಮುಗಿದದ್ದು ನಮಗೆ ಗೊತ್ತಾಗುವುದೇ ಆರ್ಡರ್ ಕೊಟ್ಟ ಮೇಲೆ.

ಮುಗಿದ ಮೇಲೆ ಹೇಳುವುದಲ್ಲ, ಮುಗಿಯುವ ಮೊದಲು ಹೇಳಬೇಕು. ಪಲ್ಯ ಇನ್ನು ಮೂರು ಸುತ್ತಿಗೆ, ಅಂದರೆ ಸುಮಾರು 25 ದೋಸೆಗೆ ಆಗುವಷ್ಟಿದ್ದಾಗ ಭಟ್ಟರು ನಿಮಗೆ ಹೇಳಬೇಕು. ಅಷ್ಟರಲ್ಲಿ ಬೇಯಿಸಿಟ್ಟ ಆಲೂಗೆಡ್ಡೆ ಇದ್ದರೆ ಹೊಸ ಪಲ್ಯ ಆಗುತ್ತದೆ. ಆಲೂಗೆಡ್ಡೆ ಬೆಂದಿಲ್ಲದಿದ್ದರೆ ಆಗುವುದಿಲ್ಲ, ಆಗ ಮಸಾಲೆ ನಿಲ್ಲಿಸಿ ಖಾಲಿ ದೋಸೆ ಮಾತ್ರ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ನಂಬುವ ಹಾಗಿಲ್ಲ. ಹೋದರೆ ಮೊದಲು ನಿಲ್ಲುವುದು ಚಟ್ನಿ. ಭಾನುವಾರ ಏಳು ಗಂಟೆಗೆ ಮೊದಲೇ ಹತ್ತರವರೆಗಿನ ಚಟ್ನಿ ರುಬ್ಬಿಸಿ ತಣ್ಣಗೆ ಇಡಿಸಿ, ಒಗ್ಗರಣೆ ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕಿಸಿ. ಬಿಲ್ ಮಿಷಿನ್ ನಿಂತರೂ ಕೈಚೀಟಿ ಪುಸ್ತಕ ಕಿಟಕಿಯಲ್ಲೇ ಇರಲಿ.

ಎಲ್ಲ ಮಾಡಿದರೂ ಜಗಳ ಹತ್ತಿಕೊಂಡಿತು. ಆ ಕ್ಷಣ ಏನು ಮಾಡಲಿ?

ವಿಚಾರಣೆ ಮಾಡಬೇಡಿ. ಯಾರು ಮೊದಲು ಬೈದರು ಅಂತ ಕೇಳಿದರೆ ಇಬ್ಬರೂ ಕೆಲಸ ಬಿಟ್ಟು ಕಥೆ ಹೇಳಲು ನಿಲ್ಲುತ್ತಾರೆ. ಅಷ್ಟರಲ್ಲಿ ಎಂಟು ದೋಸೆ ಸೀದು ಹೋಗುತ್ತದೆ.

ಕಾವಲಿ ಬಿಟ್ಟು ಭಟ್ಟರನ್ನು ಕಳಿಸಲು ಆಗುವುದಿಲ್ಲ. ಆದ್ದರಿಂದ ಜರುಗಬೇಕಾದವನು ಹುಡುಗ. ಅವನನ್ನು ಕಿಟಕಿಯಿಂದ ದೂರದ ಟೇಬಲ್‌ಗಳಿಗೆ ಹಾಕಿ, ಅವನ ಚೀಟಿ ನೀವೇ ತೆಗೆದುಕೊಳ್ಳಿ. ಇದು ಶಿಕ್ಷೆ ಅಲ್ಲ ಅಂತ ಅವನ ಕಿವಿಯಲ್ಲಿ ಹೇಳಿ: "ನಿನ್ನ ಮಾತು ಹನ್ನೊಂದಕ್ಕೆ ಕೇಳ್ತೀನಿ, ಈಗ ಆ ಕಡೆ ನೋಡ್ಕೊ." ಭಟ್ಟರಿಗೆ ಹೇಳಬೇಕಾದದ್ದು ಮುಂದಿನ ಸುತ್ತಿನ ಸಂಖ್ಯೆ ಮಾತ್ರ. ಕೈ ಕೆಲಸಕ್ಕೆ ಹತ್ತಿದರೆ ಸಿಟ್ಟು ತಾನಾಗಿ ಇಳಿಯುತ್ತದೆ.

ಎರಡು ವಿಷಯಕ್ಕೆ ಮಾತ್ರ ಕಾಯಬೇಡಿ. ಯಾರಾದರೂ ಕೈ ಎತ್ತಿದರೆ, ಅಥವಾ ಜಾತಿ, ಊರು, ತಾಯಿ ಹಿಡಿದು ಬೈದರೆ, ಅವನು ಆಗಲೇ ಹೊರಗೆ ಹೋಗಬೇಕು, ಭಟ್ಟರಾದರೂ ಸರಿ. ಕಾವಲಿ ನಿಂತರೆ ನಿಲ್ಲಲಿ, ಆ ಹೊತ್ತು ಇಡ್ಲಿ ಮಾರಿ.

ಹನ್ನೊಂದಕ್ಕೆ ಮಾತು ಕೊಟ್ಟಂತೆ ಕೂರಿಸಿ. ಇಬ್ಬರೂ ತಿಂಡಿ ತಿಂದ ಮೇಲೆ. ಚೀಟಿಗಳನ್ನು ಮುಂದೆ ಹರಡಿ. "ಅವನು ಯಾವಾಗಲೂ ಹೀಗೇ" ಅನ್ನುವ ಮಾತನ್ನು ಅಲ್ಲೇ ತಡೆದು, ಇವತ್ತಿನ ಆ ಒಂದು ಚೀಟಿ ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ನೋಡಿ. 8:35ಕ್ಕೆ ಬರೆದ ಚೀಟಿ 8:50ರವರೆಗೂ ಎಡ ಸಾಲಿನಲ್ಲೇ ಇದ್ದರೆ ಅದು ಕಿಟಕಿಯಲ್ಲಿ ನಿಂತವರು ಸರಿಪಡಿಸಬೇಕಾದದ್ದು. ಕಾವಲಿಯಿಂದ ಎದ್ದ ಮೇಲೆ ಐದು ನಿಮಿಷ ಕೂತಿದ್ದರೆ ಹೊರಗಿನವರು. ಹತ್ತು ನಿಮಿಷದಲ್ಲಿ ಮುಗಿಸಿ, ಮಧ್ಯಾಹ್ನದ ಊಟದ ತಯಾರಿ ಕಾಯುತ್ತಿರುತ್ತದೆ.

ಮಾಲೀಕರೇ ಒಳಗೆ ಹೋಗಿ "ನಮ್ಮ ಕಡೆಯವರು ಬಂದಿದ್ದಾರೆ, ಮೊದಲು ಕೊಡಿ" ಅಂದರೆ?

ಕೊಡಬೇಕಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದೂ ನಿಮ್ಮ ಮೂಲಕ, ಚೀಟಿಯಾಗಿಯೇ ಬರಲಿ ಅಂತ ಅವರನ್ನು ಒಪ್ಪಿಸಿ. ಅದು ಮುಂದಿನ ಸುತ್ತಿಗೆ ಹೋಗುತ್ತದೆ. ಸುತ್ತಿನ ನಡುವೆ ಅಲ್ಲ.

ಯಾವಾಗ ಈ ಉಪಾಯಗಳೆಲ್ಲ ಸಾಲುವುದಿಲ್ಲ?

ಸ್ಲೇಟ್ ಮೇಲಿನ ಸಂಖ್ಯೆಯನ್ನು ಅರ್ಧ ಗಂಟೆಗೊಮ್ಮೆ ಒಂದು ಪುಸ್ತಕದಲ್ಲಿ ಬರೆದಿಡಿ. ನಾಲ್ಕು ಭಾನುವಾರ ಎಂಟೂವರೆಯಿಂದ ಹತ್ತರವರೆಗೆ 30ಕ್ಕಿಂತ ಕೆಳಗೆ ಇಳಿಯಲೇ ಇಲ್ಲ ಅಂದರೆ ಅದು ಜನರ ಜಗಳ ಅಲ್ಲ, ಎರಡನೇ ಕಾವಲಿ ಬೇಕು ಅಂತ ಅರ್ಥ. ಆ ಪುಸ್ತಕ ತೆಗೆದುಕೊಂಡು ಹೋಗಿ ಮಾಲೀಕರಿಗೆ ತೋರಿಸಿ. ಕಾವಲಿಯ ಜೊತೆ ಒಬ್ಬ ದೋಸೆಯವರೂ ಬೇಕು ಅನ್ನುವುದನ್ನು ಮರೆಯದೆ ಸೇರಿಸಿ. ಒಬ್ಬರೇ ಭಟ್ಟರಿಗೆ ಎರಡು ಕಾವಲಿ ಕೊಟ್ಟರೆ ಎರಡರಲ್ಲೂ ಸೀದ ದೋಸೆ ಬರುತ್ತದೆ. ಜೋಗದ ಸೀಸನ್‌ಗೆ ಮಾತ್ರ, ವಾರಾಂತ್ಯಕ್ಕೆ ಮಾತ್ರ ಬರುವವರು ಸಿಗುತ್ತಾರೆ. ಜೂನ್‌ನಲ್ಲೇ ಹೇಳಿಟ್ಟುಕೊಳ್ಳಿ, ಜುಲೈಗೆ ಹುಡುಕಿದರೆ ಎಲ್ಲ ಹೋಟೆಲಿನವರೂ ಅವರನ್ನೇ ಹುಡುಕುತ್ತಿರುತ್ತಾರೆ.